ಪಾರ್ಸೆಲ್ ಚೀಟಿಯ ಫೋಟೊ: ಕಾಳುಮೆಣಸು ಅರಬಿಯಲ್ಲಿ ಅಡಿಕೆಯಾಗಿದ್ದು ಹೇಗೆ?

ಬದಿಯಡ್ಕ ಝೆರಾಕ್ಸ್
ಎಲ್ಲರಿಗೂ ನಮಸ್ಕಾರ. ಬದಿಯಡ್ಕದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಗಲ್ಫಿಗೆ ಪಾರ್ಸೆಲ್ ಕಳುಹಿಸುವವರಿಗೆ ಚೀಟಿ ಟೈಪ್ ಮಾಡಿಕೊಡುವುದೂ ನನ್ನ ಕೆಲಸವೇ. ನಮ್ಮ ಪಕ್ಕದ ಮನೆಯ ಅಕ್ಕ ಶಾರ್ಜಾದಲ್ಲಿರುವ ಮಗನಿಗೆ ಒಂದು ಪೆಟ್ಟಿಗೆ ಕಳುಹಿಸಿದ್ದರು: ಒಂದು ಕೆಜಿ ಕಾಳುಮೆಣಸು, ಒಂದು ಲೀಟರ್ ತೆಂಗಿನೆಣ್ಣೆ, ಹಲಸಿನಕಾಯಿ ಚಿಪ್ಸ್, ಪುನರ್ಪುಳಿ ಸಿಪ್ಪೆ. ಬೇರೊಂದು ಊರಿನ ಕಾರ್ಗೋ ಅಂಗಡಿಯಲ್ಲಿ ಬುಕ್ ಮಾಡಿದ್ದು, ಚೀಟಿಯನ್ನೂ ಅವರೇ ಮುದ್ರಿಸಿ ಅಂಟಿಸಿದ್ದರು.

ಪೆಟ್ಟಿಗೆ ಅಲ್ಲಿಗೆ ತಲುಪಿದೆ, ಆದರೆ ಕಸ್ಟಮ್ಸ್‌ನಲ್ಲಿ ತಡೆದಿದ್ದಾರೆ. "ಅಡಿಕೆ ಏಕೆ ಕಳುಹಿಸಿದ್ದೀರಿ" ಎಂದು ಹುಡುಗನನ್ನು ಕೇಳಿದ್ದಾರೆ. ಪೆಟ್ಟಿಗೆಯಲ್ಲಿ ಒಂದೇ ಒಂದು ಅಡಿಕೆ ಇಲ್ಲ, ಕಟ್ಟುವಾಗ ನಾನೇ ಪಕ್ಕದಲ್ಲಿದ್ದೆ. ಹುಡುಗ ಚೀಟಿಯ ಫೋಟೊ ಕಳುಹಿಸಿದ್ದಾನೆ. ಇಂಗ್ಲಿಷ್ ಸಾಲಿನಲ್ಲಿ `B.PEPPER 1KG` ಎಂದಿದೆ. ಅದರ ಕೆಳಗಿನ ಅರಬಿ ನನಗೆ ಓದಲು ಬರುವುದಿಲ್ಲ. ತಪ್ಪು ಆಗಿರುವುದು ಅಲ್ಲಿಯೇ? ನಾಳೆ ನನ್ನ ಅಂಗಡಿಯಲ್ಲೂ ಇಂಥದ್ದು ಆಗಬಾರದು ಎಂದು ಕೇಳುತ್ತಿದ್ದೇನೆ.

ನೀರ್ಚಾಲು ಮಾಷ್ಟ್ರು
ಅರಬ್ ದೇಶಗಳಿಗೆ ಹೋಗುವ ಕಸ್ಟಮ್ಸ್ ಫಾರಂ ಅರಬಿಯಲ್ಲೇ ಇರಬೇಕೆಂಬ ನಿಯಮವಿದೆಯಮ್ಮ. ಅರಬಿ ಸರಿಯಾಗಿದ್ದರೆ ಇಂಗ್ಲಿಷ್ ಹೇಗಿದ್ದರೂ ನಡೆಯುತ್ತದೆ. ಅರಬಿ ಬಲ್ಲವರಿಂದಲೇ ಬರೆಸಬೇಕಿತ್ತು.

ಅಂಚೆ ಕೌಂಟರ್
ಮಾಷ್ಟ್ರೇ, ಕೊನೆಯ ಮಾತು ಸರಿ, ಮೊದಲಿನದು ಸರಿಯಲ್ಲ. ನಾನು ಅಂಚೆಯಲ್ಲಿ ಸೇವೆ ಮುಗಿಸಿ ಬಂದವನು. ಅಂಚೆಯ ಸಿಎನ್ 22 ಮತ್ತು ಸಿಎನ್ 23 ಫಾರಂಗಳನ್ನು ಇಂಗ್ಲಿಷ್, ಫ್ರೆಂಚ್ ಅಥವಾ ತಲುಪುವ ದೇಶ ಒಪ್ಪುವ ಭಾಷೆಯಲ್ಲಿ ತುಂಬಬಹುದು. ಇಂಗ್ಲಿಷ್ ಸಾಲನ್ನು ಖಚಿತವಾಗಿ ಬರೆದು, ಅದರ ಕೆಳಗೆ ಅರಬಿ ಸೇರಿಸಿದರೆ ಅಲ್ಲಿ ಪೆಟ್ಟಿಗೆ ಎತ್ತಿ ಇಡುವವರಿಗೂ ನೋಡುವ ಅಧಿಕಾರಿಗೂ ಅನುಕೂಲ. ಎರಡೂ ಸಾಲುಗಳು ಒಂದೇ ಮಾತು ಹೇಳಬೇಕು. ಒಂದಕ್ಕೊಂದು ತಾಳೆಯಾಗದಿದ್ದರೆ ಎರಡನ್ನೂ ನಂಬುವುದಿಲ್ಲ.

ಬದಿಯಡ್ಕದವರೇ, ಆ ಚೀಟಿಯಲ್ಲಿ, ಸರಕು ಯಾವುದೆಂದು ಅಂಕಿಗಳಲ್ಲಿ ಹೇಳುವ ಎಚ್‌ಎಸ್ ಕೋಡ್ ಎಂಬ ಅಂಕಣ ಇರುತ್ತದೆ. ಅದರಲ್ಲಿ ಏನಾದರೂ ಬರೆದಿದ್ದಾರೆಯೇ?

ಬದಿಯಡ್ಕ ಝೆರಾಕ್ಸ್
ಇಲ್ಲ, ಆ ಅಂಕಣ ಖಾಲಿ ಇದೆ.

ಕುಂಬಳೆಯವನು
ನಾನು ಮದರಸದಲ್ಲಿ ಏಳು ವರ್ಷ ಓದಿದವನು. ಫೋಟೊ ಇಲ್ಲಿ ಹಾಕಿ, ಓದಿ ಹೇಳುತ್ತೇನೆ.

ಬದಿಯಡ್ಕ ಝೆರಾಕ್ಸ್
ವಿಳಾಸ ಮತ್ತು ಫೋನ್ ನಂಬರನ್ನು ಮುಚ್ಚಿ ಹಾಕಿದ್ದೇನೆ. ಎರಡು ಫೋಟೊ ಇವೆ. ಒಂದು ಈಗಿನ ಚೀಟಿ. ಇನ್ನೊಂದು ಕಳೆದ ವರ್ಷ ಇದೇ ಅಕ್ಕ ಕಳುಹಿಸಿದ್ದ ಪೆಟ್ಟಿಗೆಯ ಚೀಟಿ. ಆಗ ಯಾವ ತೊಂದರೆಯೂ ಆಗಿರಲಿಲ್ಲ. ಆ ಹಳೆಯ ಫೋಟೊ ನೋಡಿಯೇ ಈ ಸಲ ಚೀಟಿ ಮಾಡಿದ್ದಂತೆ.

ಕುಂಬಳೆಯವನು
ಫ, ಲ ಎಲ್ಲ ಕಾಣುತ್ತಿವೆ. ಆದರೆ ಕುರ್‌ಆನಿನಲ್ಲಿರುವಂತೆ ಅಕ್ಷರದ ಮೇಲೆ ಕೆಳಗೆ ಸ್ವರದ ಗುರುತುಗಳಿಲ್ಲ. ಫುಲ್ಫುಲ್ಲೋ ಫೌಫಲ್ಲೋ ಗಟ್ಟಿಯಾಗಿ ಹೇಳಲಾರೆ. ಅರ್ಥವಂತೂ ನನಗೆ ತಿಳಿಯದು.

ಉಪ್ಪಳದ ಗೋದಾಮು
ನನಗೆ ಗೊತ್ತಾಯಿತು. ನಾನು ಶಾರ್ಜಾದಲ್ಲಿ ಕಾರ್ಗೋ ಗೋದಾಮಿನಲ್ಲಿ 14 ವರ್ಷ ದುಡಿದು ಊರಿಗೆ ಮರಳಿದವನು. ಕುಂಬಳೆಯ ತಮ್ಮ ಹೇಳಿದ ಆ ಎರಡು ಓದಿನ ನಡುವೆಯೇ ಪೆಟ್ಟಿಗೆ ಸಿಕ್ಕಿಬಿದ್ದಿದೆ. ಎರಡೂ ಪದಗಳನ್ನು ಒಂದರ ಕೆಳಗೆ ಒಂದು ಇಟ್ಟು ನೋಡಿ:

```
فلفل
فوفل
```

ಮೇಲಿನದು ಫಿಲ್ಫಿಲ್, ಅಂದರೆ ಮೆಣಸು. ಕೆಳಗಿನದು ಫೌಫಲ್, ಅಂದರೆ ಅಡಿಕೆ. ನಾಲ್ಕು ಅಕ್ಷರಗಳಲ್ಲಿ ಎರಡನೆಯದು ಮಾತ್ರ ಬೇರೆ. ಮೆಣಸಿನಲ್ಲಿ ಅದು ಲಾಮ್, ಅಡಿಕೆಯಲ್ಲಿ ವಾವ್. ಯುಎಇಯಲ್ಲಿ ಪಾನ್, ಅಡಿಕೆ ಇಂಥವು ನಿಷಿದ್ಧ ವಸ್ತುಗಳು. ಹಾಗಾಗಿ ಅಧಿಕಾರಿ ಚೀಟಿಯಲ್ಲಿ ಬರೆದಿರುವುದನ್ನು ಓದಿ ಪೆಟ್ಟಿಗೆ ತಡೆದಿದ್ದಾರೆ. ಅವರ ಕಡೆಯಿಂದ ತಪ್ಪೇನೂ ಆಗಿಲ್ಲ.

ಅರಬಿ ಬಾರದವರೂ ವ್ಯತ್ಯಾಸವನ್ನು ಕಣ್ಣಿನಿಂದಲೇ ಹಿಡಿಯಬಹುದು. ಲಾಮ್ ಎರಡೂ ಕಡೆ ಕೈ ಹಿಡಿಯುವ ಅಕ್ಷರ, ಆದ್ದರಿಂದ ಮೆಣಸಿನ ಪದ ಬಲದಿಂದ ಎಡದವರೆಗೆ ಒಂದೇ ಗೆರೆಯಲ್ಲಿ ಸಾಗುತ್ತದೆ, ನಡುವೆ ಒಂದು ಕಂಬ ಎದ್ದು ನಿಲ್ಲುತ್ತದೆ. ವಾವ್ ತನ್ನ ಮುಂದಿನ ಅಕ್ಷರವನ್ನು ಹಿಡಿಯುವುದಿಲ್ಲ, ಬಾಲವನ್ನು ಕೆಳಗೆ ಬಿಟ್ಟು ನಿಲ್ಲುತ್ತದೆ. ಹಾಗಾಗಿ ಅಡಿಕೆಯ ಪದ ನಡುವೆ ಕಡಿದು ಎರಡು ತುಂಡಾಗಿ ಕಾಣುತ್ತದೆ. ನಿಮ್ಮ ಎರಡು ಫೋಟೊಗಳನ್ನು ದೊಡ್ಡದು ಮಾಡಿ, ಆ ಕಡಿತ ಎಲ್ಲಿದೆ ನೋಡಿ.

ಬದಿಯಡ್ಕ ಝೆರಾಕ್ಸ್
ನೋಡಿದೆ. ಈಗಿನ ಚೀಟಿಯಲ್ಲಿ ಪದ ಎರಡು ತುಂಡಾಗಿದೆ. ಹಳೆಯದರಲ್ಲಿ ಕಡಿತವಿಲ್ಲ, ಆದರೆ ಸರಿಯಾಗಿ ಆ ಎರಡನೆಯ ಅಕ್ಷರದ ಮೇಲೆಯೇ ಪ್ಲಾಸ್ಟಿಕ್ ಟೇಪಿನ ಬಿಳಿ ಹೊಳಪು ಹಾದುಹೋಗಿದೆ. ಕಂಬದ ಮೇಲ್ಭಾಗ ಕಾಣುವುದೇ ಇಲ್ಲ, ಬುಡದಲ್ಲಿ ಒಂದು ಮೊಟಕು ಉಬ್ಬು ಮಾತ್ರ ಉಳಿದಿದೆ.

ಉಪ್ಪಳದ ಗೋದಾಮು
ಹಾಗಾದರೆ ಮೂಲ ಸಿಕ್ಕಿತು. ಫೋಟೊದಿಂದ ಅಕ್ಷರ ಎತ್ತುವ ಆಪ್ ಆ ಉಬ್ಬನ್ನು ವಾವ್ ಎಂದು ಓದಿರಬೇಕು. ಫೌಫಲ್ ಕೂಡ ನಿಘಂಟಿನಲ್ಲಿರುವ ಪದವೇ. ಅರ್ಥವಿಲ್ಲದ ಅಕ್ಷರಗಳು ಬಂದಿದ್ದರೆ ಯಾರಿಗಾದರೂ ಅನುಮಾನ ಬರುತ್ತಿತ್ತು. ಅರ್ಥವಿರುವ ತಪ್ಪು ಪದ ಯಾರ ಕಣ್ಣಿಗೂ ಬೀಳದೆ ದಾಟಿಹೋಗುತ್ತದೆ.

ಪೆರ್ಲ ಕೃಷಿಕ
ನಮ್ಮ ತೋಟದಲ್ಲಿ ಅಡಿಕೆ ಮರಕ್ಕೇ ಕಾಳುಮೆಣಸಿನ ಬಳ್ಳಿ ಹಬ್ಬಿಸುತ್ತೇವೆ. ಅರಬಿಯಲ್ಲೂ ಅವೆರಡು ಇಷ್ಟು ಹತ್ತಿರವೆಂದು ಇವತ್ತು ತಿಳಿಯಿತು!

ಕುಂಜತ್ತೂರು ಅರಬಿ ವಿದ್ಯಾರ್ಥಿನಿ
ಉಪ್ಪಳದ ಅಣ್ಣ ಹೇಳಿದ್ದು ಪೂರ್ತಿ ಸರಿ. ಒಂದು ಮಾತು ಸೇರಿಸುತ್ತೇನೆ. ಬರೇ ಫಿಲ್ಫಿಲ್ ಎಂದು ಬರೆದರೂ ಕೆಲಸ ಅರ್ಧವೇ ಆದಂತೆ. ಅರಬಿಯಲ್ಲಿ ಕಾಳುಮೆಣಸು, ಕೆಂಪು ಮೆಣಸು, ದೊಣ್ಣೆಮೆಣಸು ಮೂರಕ್ಕೂ ಫಿಲ್ಫಿಲ್ ಎಂದೇ ಹೆಸರು. ಮುಂದಿನ ಪದವೇ ಯಾವುದೆಂದು ಹೇಳಬೇಕು. ನಮ್ಮ ಕನ್ನಡದಲ್ಲೂ ಮೆಣಸು ಎಂದರೆ ಹಾಗೆಯೇ ಅಲ್ಲವೇ? ಆದ್ದರಿಂದ ಫಿಲ್ಫಿಲ್ ಅಸ್ವದ್ ಎಂದು ಬಣ್ಣವನ್ನೂ ಬರೆಯಬೇಕು, ಇಡೀ ಕಾಳೋ ಪುಡಿಯೋ ಎಂಬುದನ್ನೂ ಬರೆಯಬೇಕು. ಬಣ್ಣ ಬರೆದಿದ್ದರೆ ಇಲ್ಲಿಯೂ ಪ್ರಯೋಜನವಾಗುತ್ತಿತ್ತು. "ಕಪ್ಪು ಅಡಿಕೆ" ಎಂದು ಓದಿದ ಅಧಿಕಾರಿಗೆ ಏನೋ ಎಡವಟ್ಟಾಗಿದೆ ಎಂದಾದರೂ ಅನ್ನಿಸುತ್ತಿತ್ತು.

ನಮ್ಮ ಮನೆಯಲ್ಲಿ ಕಾಳುಮೆಣಸಿಗೆ ನಲ್ಲಮುಳಕ್ ಎನ್ನುತ್ತಾರೆ. ಅದನ್ನು ಪದಕ್ಕೆ ಪದ ಇಟ್ಟು "ಒಳ್ಳೆಯ ಮೆಣಸಿನಕಾಯಿ" ಎಂದು ಅರಬಿ ಮಾಡಿದ್ದನ್ನು ನೋಡಿದ್ದೇನೆ.

ಪೆರ್ಲ ಕೃಷಿಕ
ನಾವು ಒಳ್ಳೆಮೆಣಸು ಎನ್ನುತ್ತೇವೆ, ತುಳುವಿನಲ್ಲಿ ಎಡ್ಡೆಮುಂಚಿ. ಎಲ್ಲದರಲ್ಲೂ ಒಳ್ಳೆಯದೇ!

ಮಧೂರಿನವಳು
ನನಗೂ ಅರಬಿಯದೇ ಒಂದು ಕೆಲಸವಿದೆ. ಗಂಡನ ಕುಟುಂಬ ವೀಸಾಕ್ಕಾಗಿ ಮದುವೆ ಸರ್ಟಿಫಿಕೇಟನ್ನು ಅರಬಿಗೆ ಮಾಡಿಸಬೇಕು. ಫೋಟೊ ಕಳುಹಿಸಿದರೆ ನಿಮ್ಮಲ್ಲಿ ಯಾರಾದರೂ ಮಾಡಿಕೊಡುತ್ತೀರಾ?

ಅಂಚೆ ಕೌಂಟರ್
ಅಕ್ಕ, ಅದು ಬೇರೆಯೇ ವಿಷಯ. ಅದಕ್ಕೆ ದೃಢೀಕರಣ ಬೇಕು, ಮಾನ್ಯತೆ ಇರುವ ಅನುವಾದಕರ ಮೊಹರು ಬೇಕು. ಪಾರ್ಸೆಲ್ ಚೀಟಿಗೆ ಮೊಹರು ಬೇಕಾಗಿಲ್ಲ. ಸರ್ಟಿಫಿಕೇಟಿನ ಫೋಟೊವನ್ನು ದಯವಿಟ್ಟು ಇಲ್ಲಿ ಹಾಕಬೇಡಿ.

ಮತ್ತೆ ಕೋಡಿನ ಮಾತಿಗೆ ಬರುತ್ತೇನೆ. ಇಡೀ ಕಾಳುಮೆಣಸಿಗೆ 0904.11, ಪುಡಿ ಮಾಡಿದ್ದಕ್ಕೆ 0904.12, ಅಡಿಕೆಗೆ 0802.80. ಮೊದಲ ಆರು ಅಂಕಿ ಎಲ್ಲ ದೇಶಗಳಲ್ಲೂ ಒಂದೇ. ಚೀಟಿಯಲ್ಲಿ `0904.11` ಎಂದು ಇದ್ದಿದ್ದರೆ, ಅರಬಿ ಅಡಿಕೆ ಎಂದರೂ ಇಂಗ್ಲಿಷ್ ಮತ್ತು ಕೋಡ್ ಎರಡೂ ಮೆಣಸು ಎನ್ನುತ್ತಿದ್ದವು. `B.PEPPER` ಎಂದು ಮೊಟಕು ಮಾಡಿದ್ದೂ ತಪ್ಪು. `BLACK PEPPER, WHOLE` ಎಂದು ಪೂರ್ತಿ ಬರೆಯಬೇಕು.

ನೀರ್ಚಾಲು ಮಾಷ್ಟ್ರು
ಇಷ್ಟೆಲ್ಲ ಗೊಂದಲ ಏಕೆ? ಉಡುಗೊರೆ ಎಂದು ಬರೆದರೆ ಮುಗಿಯಿತಲ್ಲ. ಹದಿಯ್ಯಾ ಎಂಬ ಒಂದೇ ಪದ ಸಾಕು.

ಅಂಚೆ ಕೌಂಟರ್
ಸಾಲದು ಮಾಷ್ಟ್ರೇ. ಉಡುಗೊರೆ ಎನ್ನುವುದು ಏಕೆ ಕಳುಹಿಸುತ್ತಿದ್ದೀರಿ ಎಂಬುದಕ್ಕೆ ಉತ್ತರ, ಅದಕ್ಕೆ ಫಾರಂನಲ್ಲಿ ಬೇರೆ ಚೌಕವಿದೆ. ಒಳಗೆ ಏನಿದೆ ಎಂಬ ಸಾಲಿನಲ್ಲಿ ಉಡುಗೊರೆ ಎಂದೋ ಆಹಾರ ವಸ್ತು ಎಂದೋ ಬರೆದರೆ ಪೆಟ್ಟಿಗೆ ಬಿಚ್ಚಿ ನೋಡಲು ನಾವೇ ಕಾರಣ ಕೊಟ್ಟ ಹಾಗೆ.

ನೀರ್ಚಾಲು ಮಾಷ್ಟ್ರು
ಸರಿ, ಒಪ್ಪಿದೆ. ನಾನು ಮಗಳಿಗೆ ಎರಡು ಸಲ ಹಾಗೆಯೇ ಬರೆದು ಕಳುಹಿಸಿದ್ದೆ, ತಲುಪಿತ್ತು.

ತಳಂಗರೆ
ಈ ಊರಿನಲ್ಲಿ ಸರಕಾರಿ ಫಾರಂ ಕನ್ನಡದಲ್ಲಿ ಸಿಗುವುದೇ ಕಷ್ಟ. 1956ರಿಂದ ಮಲಯಾಳ ಫಾರಂ ಹಿಡಿದು ಪಕ್ಕದವರನ್ನು ಕೇಳಿ ತುಂಬುತ್ತಿದ್ದೇವೆ. ಕನ್ನಡ, ಮಲಯಾಳ, ಇಂಗ್ಲಿಷ್, ಅರಬಿ ಎಂದು ನಾಲ್ಕು ಕೈ ದಾಟುವ ಚೀಟಿಯಲ್ಲಿ ತಪ್ಪು ನುಸುಳದೆ ಇರುತ್ತದೆಯೇ?

ಉಪ್ಪಳದ ಗೋದಾಮು
ಆ ನೋವು ನಿಜ. ಅದಕ್ಕೇ ಕನ್ನಡದಿಂದ ನೇರವಾಗಿ ಅರಬಿಗೆ ಹೋಗಬೇಡಿ ಎನ್ನುತ್ತೇನೆ. ಮೊದಲು ವಸ್ತು ಏನು ಎಂಬುದನ್ನು ಇಂಗ್ಲಿಷಿನಲ್ಲಿ ಖಚಿತ ಮಾಡಿಕೊಳ್ಳಿ. ತೆಂಗಿನೆಣ್ಣೆಯನ್ನೇ ನೋಡಿ. ಕೊಬ್ಬರಿ ಎಣ್ಣೆ ಎಂದು ಬರೆದುಕೊಟ್ಟರೆ ಯಾರೋ ಅದನ್ನು `COPRA OIL` ಮಾಡುತ್ತಾರೆ. ಕೊಬ್ಬರಿ ತಾನಾಗಿ ಕಾವೇರಿ ಹೊತ್ತಿಕೊಳ್ಳಬಲ್ಲ ಸರಕು ಎಂದು ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿದೆ. ಆ ಪದ ಕಂಡರೆ ವಿಮಾನ ಕಾರ್ಗೋದವರು ಪೆಟ್ಟಿಗೆಯನ್ನು ಪಕ್ಕಕ್ಕೆ ಇಡುತ್ತಾರೆ.

ಅರಬಿಯಲ್ಲಿ ತೆಂಗಿನಕಾಯಿ ಜೌಝ್ ಅಲ್ ಹಿಂದ್, ಅಂದರೆ ಹಿಂದ್ ದೇಶದ ಕಾಯಿ. ಜಾಯಿಕಾಯಿ ಜೌಝ್ ಅತ್ತೀಬ್. ಸಾಲಿನ ಕೊನೆ ಮಡಿಕೆಯಲ್ಲಿ ಸಿಕ್ಕಿಕೊಂಡರೆ ಎರಡೂ ಬರೇ ಜೌಝ್ ಆಗುತ್ತವೆ. ಸೌದಿಯಲ್ಲಿ ಜಾಯಿಕಾಯಿಗೆ ನಿಷೇಧವಿದೆ, ಆದ್ದರಿಂದ ಅಲ್ಲಿಗೆ ಕಳುಹಿಸುವವರು ಪದ ಪೂರ್ತಿ ಕಾಣುವಂತೆ ನೋಡಿಕೊಳ್ಳಿ. ಎಣ್ಣೆ ಅಡುಗೆಗೆ ಎಂದೂ ಬರೆಯಿರಿ. ನಮ್ಮಲ್ಲಿ ಒಂದೇ ಬಾಟಲಿ ತಲೆಗೂ ಆಗುತ್ತದೆ ಒಗ್ಗರಣೆಗೂ ಆಗುತ್ತದೆ, ಆದರೆ ಕಸ್ಟಮ್ಸ್‌ಗೆ ಅಡುಗೆ ಎಣ್ಣೆ ಬೇರೆ, ಕೂದಲಿನ ಎಣ್ಣೆ ಬೇರೆ.

ಈ ಪೆಟ್ಟಿಗೆಗೆ ನಾನಾದರೆ ಹೀಗೆ ಬರೆಯುತ್ತಿದ್ದೆ, ವಿದ್ಯಾರ್ಥಿನಿ ತಂಗಿ ಒಮ್ಮೆ ನೋಡಲಿ:

```
فلفل أسود حبوب كاملة
زيت جوز الهند للطبخ
رقائق جاك فروت مقلية
```

ಕುಂಜತ್ತೂರು ಅರಬಿ ವಿದ್ಯಾರ್ಥಿನಿ
ಮೂರೂ ಸರಿ ಅಣ್ಣ. ಇಡೀ ಕಾಳಿನ ಕಾಳುಮೆಣಸು, ಅಡುಗೆಗೆ ತೆಂಗಿನೆಣ್ಣೆ, ಕರಿದ ಹಲಸಿನ ಚಿಪ್ಸ್. ಹಲಸಿಗೆ ಜಾಕ್ ಫ್ರೂಟ್ ಎಂದೇ ಅಲ್ಲಿಯೂ ಬಳಸುತ್ತಾರೆ.

ತೂಕವನ್ನು ನೀವು ಬಿಟ್ಟದ್ದು ಒಳ್ಳೆಯದಾಯಿತು. ಅರಬಿ ಸಾಲಿನೊಳಗೆ `2 × 500 g` ಎಂದು ಟೈಪ್ ಮಾಡಿದರೆ ಪರದೆಯಲ್ಲಿ ಅದು ತಿರುಗಿ `g 500 × 2` ಎಂದು ಕಾಣುತ್ತದೆ. ಸಾಲು ಬಲದಿಂದ ಎಡಕ್ಕೆ ಓಡುತ್ತದೆ, ಅಂಕಿಗಳು ಮಾತ್ರ ಎಡದಿಂದ ಬಲಕ್ಕೆ. ಹಾಗಾಗಿ ತೂಕ, ಬೆಲೆ, ಟ್ರ್ಯಾಕಿಂಗ್ ನಂಬರ್ ಎಲ್ಲವನ್ನೂ ತಮ್ಮದೇ ಅಂಕಣದಲ್ಲಿ ಇಂಗ್ಲಿಷ್ ಅಂಕಿಗಳಲ್ಲೇ ಬಿಡಬೇಕು.

ಕುಂಬಳೆಯವನು
ಅರಬಿ ಅಂಕಿಯಲ್ಲಿ ನಾನೇ ಒಮ್ಮೆ ಮೋಸ ಹೋದೆ. ಅವರ ಐದು `٥` ನಮ್ಮ ಸೊನ್ನೆಯ ಹಾಗೆ ದುಂಡಗಿರುತ್ತದೆ, ಅವರ ಸೊನ್ನೆ `٠` ಬರೇ ಒಂದು ಚುಕ್ಕೆ. ಅಲ್ಲಿಂದ ಬಂದ ಚೀಟಿಯ ಫೋಟೊದಲ್ಲಿ ಒಂದು ಮಸಿಯ ಕಲೆಯನ್ನು ಸೊನ್ನೆ ಎಂದು ತಿಳಿದು 5 ಕೆಜಿಯನ್ನು 50 ಎಂದು ಹೇಳಿದ್ದೆ. ಭಾವ ಪೆಟ್ಟಿಗೆ ತರಲು ಜೀಪನ್ನೇ ಕರೆಸಿಬಿಟ್ಟರು.

ಬದಿಯಡ್ಕ ಝೆರಾಕ್ಸ್
ಹಾಗಾದರೆ ಫೋಟೊ ಹೇಗೆ ತೆಗೆಸಬೇಕು? ನನ್ನಲ್ಲಿಗೆ ಬರುವುದೆಲ್ಲ ವಾಟ್ಸಾಪಿನ ಫೋಟೊಗಳೇ.

ಉಪ್ಪಳದ ಗೋದಾಮು
ಚೀಟಿ ಪ್ಲಾಸ್ಟಿಕ್ ಚೀಲದಲ್ಲಿದ್ದು ಹೊರಗೆ ತೆಗೆಯಲು ಬಂದರೆ ತೆಗೆದು, ಇಲ್ಲದಿದ್ದರೆ ಪೆಟ್ಟಿಗೆಯನ್ನೇ ಕಿಟಕಿಯ ಬಳಿಗೆ ಒಯ್ದು, ಹಗಲು ಬೆಳಕಿನಲ್ಲಿ ಫ್ಲ್ಯಾಶ್ ಇಲ್ಲದೆ ನೇರ ಮೇಲಿನಿಂದ ತೆಗೆಯಬೇಕು. ಹೊಳಪು ಒಂದು ಕಡೆ ಬಿದ್ದೇ ಬೀಳುತ್ತದೆ ಎಂದಾದರೆ, ಪೆಟ್ಟಿಗೆಯನ್ನು ಸ್ವಲ್ಪ ತಿರುಗಿಸಿ ಇನ್ನೊಂದು ತೆಗೆಯಿರಿ. ಆಗ ಹೊಳಪು ಬೇರೆ ಅಕ್ಷರದ ಮೇಲೆ ಹೋಗುತ್ತದೆ, ಎರಡನ್ನೂ ಸೇರಿಸಿ ಓದಬಹುದು. ವಾಟ್ಸಾಪಿನಲ್ಲಿ ಫೋಟೊ ಎಂದು ಕಳುಹಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ, ಡಾಕ್ಯುಮೆಂಟ್ ಎಂದು ಕಳುಹಿಸಲು ಹೇಳಿ. ಅರಬಿಯಲ್ಲಿ ಚುಕ್ಕೆಯೇ ಅಕ್ಷರವನ್ನು ಬದಲಿಸುತ್ತದೆ, ಕುಗ್ಗಿದ ಚಿತ್ರದಲ್ಲಿ ಮೊದಲು ಹೋಗುವುದು ಚುಕ್ಕೆ.

ಓದಿ ಟೈಪ್ ಮಾಡಿದ ಮೇಲೆ ನಾನು ಮಾಡುತ್ತಿದ್ದ ಇನ್ನೊಂದು ಕೆಲಸವಿದೆ. ಅರಬಿ ಪದವನ್ನು ಅಂತರ್ಜಾಲದ ಚಿತ್ರ ಹುಡುಕಾಟಕ್ಕೆ ಹಾಕಿ. ಕಪ್ಪು ಕಾಳಿನ ಚಿತ್ರಗಳು ಬಂದರೆ ಸರಿ, ಹೋಳು ಮಾಡಿದ ಅಡಿಕೆ ಬಂದರೆ ಅಲ್ಲೇ ನಿಲ್ಲಿಸಿ. ನಾಲ್ಕು ವಸ್ತುಗಳಿಗೆ ಎರಡು ನಿಮಿಷ ಸಾಕು, ಅರಬಿ ಬಾರದವರೂ ಮಾಡಬಹುದು.

ಪೆರ್ಲ ಕೃಷಿಕ
ಈಗಲೇ ಮಾಡಿ ನೋಡಿದೆ. ಎರಡನೆಯ ಪದಕ್ಕೆ ನಮ್ಮ ಅಂಗಳದಲ್ಲಿ ಒಣಹಾಕಿದಂತೆಯೇ ಅಡಿಕೆ ಬಂತು.

ಬದಿಯಡ್ಕ ಝೆರಾಕ್ಸ್
ಚೀಟಿಯ ಮೇಲ್ಗಡೆ ಎಚ್ಚರಿಕೆಯ ಎರಡು ಅರಬಿ ಸಾಲುಗಳೂ ಇವೆ. ಎಣ್ಣೆ ಬಾಟಲಿಯ ಸಲುವಾಗಿ ಜಾಗ್ರತೆ ಎಂದು ಬರೆದದ್ದಂತೆ. ಅವು ಸರಿಯೇ?

ಕುಂಜತ್ತೂರು ಅರಬಿ ವಿದ್ಯಾರ್ಥಿನಿ
ಮೊದಲ ಸಾಲು `مقبض بعناية` ಎಂದಿದೆ. ಇಂಗ್ಲಿಷಿನ `HANDLE WITH CARE` ಎಂಬುದರ ಮೊದಲ ಪದವನ್ನು ಬಾಗಿಲಿನ ಹಿಡಿ ಎಂದು ತಿಳಿದು ಮಾಡಿದ್ದು. "ಜಾಗರೂಕತೆಯಿಂದ ಹಿಡಿಕೆ" ಎಂದು ಓದಿದ ಕೂಲಿಯವನು ಏನು ಮಾಡಬೇಕು? ಎರಡನೆಯದು ಇನ್ನೂ ಕೆಟ್ಟದು. ತೇವ ತಾಗಬಾರದು ಎನ್ನಬೇಕಾದಲ್ಲಿ "ಒಣಗಿಸಿ" ಎಂದು ಆಜ್ಞೆ ಕೊಟ್ಟಿದ್ದಾರೆ. ಇವೆರಡರ ಬದಲು ಹೀಗೆ ಬರೆಯಿರಿ:

```
قابل للكسر
يحفظ جافاً
```

ಮೊದಲನೆಯದು ಖಾಬಿಲ್ ಲಿಲ್ ಕಸ್ರ್, ಒಡೆಯುವಂಥದ್ದು. ಎರಡನೆಯದು ಯುಹ್ಫಝು ಜಾಫ್ಫನ್, ಒಣಗಿದಂತೆಯೇ ಇರಿಸಬೇಕು.

ಉಪ್ಪಳದ ಗೋದಾಮು
ತಂಗಿಯ ಅರಬಿ ಸರಿಯಾಗಿದೆ, ಆದರೆ ಗೋದಾಮಿನ ಮಾತು ಹೇಳುತ್ತೇನೆ. ನನ್ನ ಜೊತೆ ಪೆಟ್ಟಿಗೆ ಎತ್ತುತ್ತಿದ್ದವರಲ್ಲಿ ಹೆಚ್ಚಿನವರು ಅರಬರಲ್ಲ. ಬಂಗಾಳಿಗಳು, ಪಠಾಣರು, ನೇಪಾಳಿಗಳು, ನಮ್ಮವರು. ಅವರು ನೋಡುವುದು ಚಿತ್ರವನ್ನು. ಗಾಜಿನ ಲೋಟ, ಕೊಡೆ, ಮೇಲಕ್ಕೆ ತೋರಿಸುವ ಎರಡು ಬಾಣ. ಇವು ಅಂತಾರಾಷ್ಟ್ರೀಯ ಗುರುತುಗಳು, ಐಎಸ್‌ಒ 780ರಲ್ಲಿವೆ. ಬಾಣವನ್ನು ಎದುರುಬದುರಿನ ಎರಡು ಬದಿಗಳಲ್ಲಾದರೂ ಅಂಟಿಸಿ. ಪೆಟ್ಟಿಗೆಯ ಮೇಲ್ಮೈಯಲ್ಲಿ ಮಾತ್ರ ಅಂಟಿಸಿದರೆ ಅದರ ಮೇಲೆ ಇನ್ನೊಂದು ಪೆಟ್ಟಿಗೆ ಬಂದಾಗ ಕಾಣುವುದಿಲ್ಲ.

ಕುಂಜತ್ತೂರು ಅರಬಿ ವಿದ್ಯಾರ್ಥಿನಿ
ಚಿತ್ರವೇ ಸಾಕೆಂದು ನಾನು ಒಪ್ಪುವುದಿಲ್ಲ ಅಣ್ಣ. ಪೆಟ್ಟಿಗೆಯನ್ನು ಬಿಚ್ಚಿ ಮತ್ತೆ ಕಟ್ಟುವವರು ಕಸ್ಟಮ್ಸ್‌ನವರು. ಬಾಟಲಿಯನ್ನು ನಿಲ್ಲಿಸಿಯೇ ಇಡಬೇಕು ಎಂಬುದು ಅವರಿಗೆ ಓದಿದರೇ ತಿಳಿಯುವುದು.

ಉಪ್ಪಳದ ಗೋದಾಮು
ಅದೂ ಹೌದು. ಹಾಗಾದರೆ ಎರಡೂ ಇರಲಿ.

ಅಂಚೆ ಕೌಂಟರ್
ಪೆಟ್ಟಿಗೆ ಬಿಡಿಸುವ ಮಾತು ಬಾಕಿ ಇದೆ. ಹುಡುಗ ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಬುಕ್ ಮಾಡಿದ ಅಂಗಡಿಯಿಂದಲೇ ತಿದ್ದಿದ ಪಟ್ಟಿ ಕೊಡಿಸಿ. ಹಳೆಯ ಚೀಟಿಯ ನಂಬರ್, ತಪ್ಪಾದ ಸಾಲು, ಸರಿಯಾದ ಸಾಲು, ಕೋಡ್ 0904.11, ತೂಕ, ಬೆಲೆ ಇವಿಷ್ಟೂ ಅದರಲ್ಲಿರಲಿ. ಮೆಣಸು ಕೊಂಡ ರಸೀದಿ ಇದ್ದರೆ ಜೊತೆಗಿಡಿ. ಹಳೆಯ ಚೀಟಿಯನ್ನು ಹರಿಯಲು ಮಾತ್ರ ಯಾರಿಗೂ ಹೇಳಬೇಡಿ, ಅದು ಬದಲಾದರೆ ಅನುಮಾನ ಹೆಚ್ಚುತ್ತದೆ.

ಬದಿಯಡ್ಕ ಝೆರಾಕ್ಸ್
ರಸೀದಿ ಇಲ್ಲ, ಮೆಣಸು ಅಕ್ಕನ ತೋಟದ್ದು.

ಅಂಚೆ ಕೌಂಟರ್
ಹಾಗಿದ್ದರೆ ಸ್ವಂತ ಬೆಳೆ ಎಂದು ಬರೆದು ಸಹಿ ಹಾಕಲಿ. ಪೆಟ್ಟಿಗೆ ಬಿಚ್ಚಿದರೆ ಒಳಗಿರುವುದು ಮೆಣಸೇ ತಾನೇ, ಅದೇ ದೊಡ್ಡ ಸಾಕ್ಷಿ. ಎಷ್ಟು ದಿನ ಹಿಡಿಯುತ್ತದೆ ಎಂದು ನಾನು ಹೇಳಲಾರೆ.

ಬದಿಯಡ್ಕ ಝೆರಾಕ್ಸ್
ಮೂರು ದಿನಗಳ ನಂತರ ಬರೆಯುತ್ತಿದ್ದೇನೆ. ಕಾರ್ಗೋ ಅಂಗಡಿಯವರು ಮೊದಲು ಒಪ್ಪಲಿಲ್ಲ. ಎರಡೂ ಫೋಟೊ ಪಕ್ಕಪಕ್ಕ ಇಟ್ಟು ಕಡಿತ ತೋರಿಸಿದ ಮೇಲೆ ತಿದ್ದಿದ ಪಟ್ಟಿ ಕೊಟ್ಟರು. ಹುಡುಗ ಅದನ್ನು ಒಪ್ಪಿಸಿದ್ದಾನೆ. ಪೆಟ್ಟಿಗೆ ಇನ್ನೂ ಕೈಗೆ ಬಂದಿಲ್ಲ, ತೆರೆದು ನೋಡುತ್ತೇವೆ ಎಂದಿದ್ದಾರಂತೆ.

ತಿದ್ದಿದ ಪಟ್ಟಿಯಲ್ಲಿ ಪುನರ್ಪುಳಿ ಸಿಪ್ಪೆಯ ಸಾಲಿಗೆ ಅವರು ತಮರ್ ಹಿಂದಿ ಎಂದು ಹಾಕಿದ್ದಾರೆ. ಅದು ಸರಿಯೇ?

ಕುಂಜತ್ತೂರು ಅರಬಿ ವಿದ್ಯಾರ್ಥಿನಿ
ಅಲ್ಲ, ಅದು ಹುಣಸೆಹುಳಿ. ಹುಳಿ ಎಂಬ ಒಂದು ಪದ ಹಿಡಿದು ಅಲ್ಲಿಗೆ ಹೋಗಿದ್ದಾರೆ. ಪುನರ್ಪುಳಿಗೆ ಅರಬರಲ್ಲಿ ಬಳಕೆಯ ಹೆಸರೇ ನನಗೆ ಸಿಕ್ಕಿಲ್ಲ. ನಾನಾದರೆ ಕೋಕಂ ಎಂದು ಅರಬಿ ಅಕ್ಷರದಲ್ಲಿ ಬರೆದು, ಪಕ್ಕದಲ್ಲಿ ಒಣ ಹಣ್ಣಿನ ಸಿಪ್ಪೆ ಎಂದು ಸೇರಿಸುತ್ತೇನೆ.

ಉಪ್ಪಳದ ಗೋದಾಮು
ಗೊತ್ತಿಲ್ಲದ ಹೆಸರು ಕಂಡರೆ ಅವರು ಇನ್ನೊಮ್ಮೆ ತಡೆಯಬಹುದು. ಒಣ ಹಣ್ಣಿನ ಸಿಪ್ಪೆ, ಅಡುಗೆಗೆ ಎಂದಷ್ಟೇ ಬರೆದರೆ ಹೇಗೆ?

ಕುಂಜತ್ತೂರು ಅರಬಿ ವಿದ್ಯಾರ್ಥಿನಿ
ಯಾವ ಹಣ್ಣು ಎಂದು ಕೇಳಿದರೆ ಹುಡುಗ ಏನು ಹೇಳಬೇಕು ಅಣ್ಣ? ಹೆಸರು ಇರಲೇಬೇಕು.

ಅಂಚೆ ಕೌಂಟರ್
ಇಂಗ್ಲಿಷ್ ಸಾಲಿನಲ್ಲಿ `DRIED KOKUM RIND (GARCINIA INDICA)` ಎಂದು ಸಸ್ಯದ ಹೆಸರನ್ನೂ ಹಾಕಿ, ಅರಬಿಯಲ್ಲಿ ತಂಗಿ ಹೇಳಿದಂತೆ ಮಾಡಿ. ಹುಣಸೆ ಎಂಬುದನ್ನಂತೂ ಇವತ್ತೇ ತೆಗೆಸಿ, ಅವರು ಪೆಟ್ಟಿಗೆ ತೆರೆಯುವ ಮೊದಲು.

ಬದಿಯಡ್ಕ ಝೆರಾಕ್ಸ್
ಈಗಲೇ ಫೋನ್ ಮಾಡುತ್ತಿದ್ದೇನೆ.